ನಾಬ್ ಬಲಕ್ಕೆ ಸರಿಯಿತು, ಸ್ವಿಚ್ ಆನ್ ಆಯಿತೇ?

ನಮ್ಮ ಮನೆಯ ಮೆಟ್ಟಿಲಿನ ದೀಪಕ್ಕೆ ಟೂ-ವೇ ಸ್ವಿಚ್ ಇದೆ. ಕೆಳಗೊಂದು, ಮೇಲೊಂದು. ಉಳಿದ ಕೋಣೆಗಳಲ್ಲಿ ಸ್ವಿಚ್ ಕೆಳಕ್ಕೆ ಒತ್ತಿಕೊಂಡಿದ್ದರೆ ಆನ್ ಎಂದು ಕತ್ತಲಲ್ಲೂ ಕೈಗೇ ತಿಳಿಯುತ್ತದೆ. ಮೆಟ್ಟಿಲಿನ ಸ್ವಿಚ್ಚನ್ನು ಹಾಗೆ ನಂಬುವಂತಿಲ್ಲ. ಮೇಲೆ ಯಾರೋ ಒತ್ತಿಹೋಗಿರುತ್ತಾರೆ, ಕೆಳಗಿನದು ಇದ್ದಲ್ಲೇ ಇರುತ್ತದೆ, ದೀಪ ಮಾತ್ರ ಬದಲಾಗಿರುತ್ತದೆ. ಹತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ತಲೆಯೆತ್ತಿ ದೀಪವನ್ನೇ ನೋಡಬೇಕು.

ಫೋನಿನ ಪರದೆಯ ಮೇಲಿನ ಟಾಗಲ್ ಸ್ವಿಚ್ಚುಗಳೆಲ್ಲ ಒಂದರ್ಥದಲ್ಲಿ ಮೆಟ್ಟಿಲಿನ ಸ್ವಿಚ್ಚುಗಳೇ. ಕಣ್ಣಿಗೆ ಕಾಣುವ ನಾಬ್ ಒಂದು ಚಿತ್ರ. ಅದು ಹೇಳುವ ಸಂಗತಿ, ಅಂದರೆ ವೈಫೈ ಚಾಲೂ ಇದೆಯೇ, ಮೋಟಾರು ಓಡುತ್ತಿದೆಯೇ ಎನ್ನುವುದು, ಬೇರೆಲ್ಲೋ ಇರುತ್ತದೆ. ರೈವ್ ಎಂಬ ಅನಿಮೇಷನ್ ಉಪಕರಣದಲ್ಲಿ ಟಾಗಲ್ ಕಟ್ಟಲು ಕೂತವರಿಗೆ ಇದು ಮೊದಲ ದಿನ ಹೊಳೆಯುವುದಿಲ್ಲ, ಏಕೆಂದರೆ ಕೆಲಸ ಅಷ್ಟು ಸುಲಭವಾಗಿ ಆಗಿಬಿಡುತ್ತದೆ. ಒಂದು ಉದ್ದುರುಟಾದ ಟ್ರ್ಯಾಕ್, ಒಂದು ವೃತ್ತ, ಸ್ಟೇಟ್ ಮಷೀನಿನಲ್ಲಿ ಎರಡು ಸ್ಥಿತಿ, ಅವುಗಳ ನಡುವೆ ಎರಡು ಬಾಣ, ಒಂದು ಬೂಲಿಯನ್ ಇನ್‌ಪುಟ್. ಅರ್ಧ ಗಂಟೆಯಲ್ಲಿ ನಾಬ್ ಅತ್ತಿತ್ತ ಓಡಾಡುತ್ತದೆ. ವಾದ ಶುರುವಾಗುವುದು ಆಮೇಲೆ. ಆ ವಾದಗಳನ್ನು ಒಂದೇ ಪ್ರಶ್ನೆಯ ಸುತ್ತ ಜೋಡಿಸಬಹುದು ಎಂದು ನನಗನ್ನಿಸಿದೆ: ಟಾಗಲ್ ನೆನಪಿಡಬೇಕಾದ ಸಂಗತಿಗಳು ಎಷ್ಟು, ಮತ್ತು ಒಂದೊಂದನ್ನೂ ನೆನಪಿಡಬೇಕಾದವರು ಯಾರು?

## ನಾಲ್ಕು ಫ್ರೇಮುಗಳಿಂದ ಸ್ಟೇಟ್ ಮಷೀನಿಗೆ

ತೊಂಬತ್ತರ ದಶಕದ ಕೊನೆಯಲ್ಲಿ ಫ್ಲ್ಯಾಶ್ ಕಲಿತವರಿಗೆ ಅದರ ಬಟನ್ ಚಿಹ್ನೆ ನೆನಪಿರುತ್ತದೆ. ಅದಕ್ಕೆ ನಾಲ್ಕೇ ಫ್ರೇಮು: ಅಪ್, ಓವರ್, ಡೌನ್, ಹಿಟ್. ಮೌಸ್ ಮೇಲೆ ಬಂದರೆ ಎರಡನೆಯದು, ಒತ್ತಿದರೆ ಮೂರನೆಯದು. ನಾಲ್ಕನೆಯದು ಕಣ್ಣಿಗೆ ಕಾಣುವುದೇ ಇಲ್ಲ, ಎಲ್ಲಿ ಒತ್ತಿದರೆ ಬಟನ್ನಿಗೆ ತಾಗುತ್ತದೆ ಎಂಬ ಎಲ್ಲೆಯನ್ನಷ್ಟೇ ಅದು ಹೇಳುತ್ತದೆ. ಚಿತ್ರ ಬರೆಯುವವರು ಒಂದು ಸಾಲೂ ಕೋಡ್ ಬರೆಯದೆ ಹೋವರ್ ಮತ್ತು ಒತ್ತುವಿಕೆಯನ್ನು ಮುಗಿಸಬಹುದಿತ್ತು. ಆದರೆ ಆನ್-ಆಫ್ ಎಂಬ ನೆನಪು ಆ ನಾಲ್ಕು ಫ್ರೇಮುಗಳಲ್ಲಿ ಇರಲಿಲ್ಲ. ಅದು ಬೇಕಾದರೆ ಆಕ್ಷನ್‌ಸ್ಕ್ರಿಪ್ಟ್ ಬರೆಯಬೇಕಿತ್ತು. ಯಾವುದು ಚಿತ್ರದ ಪಾಲು, ಯಾವುದು ಪ್ರೋಗ್ರಾಮಿನ ಪಾಲು ಎಂಬ ಗೆರೆ ಆಗಲೇ ಬಿದ್ದಿತ್ತು ಎನ್ನಬಹುದು.

2017ರಲ್ಲಿ ಏರ್‌ಬಿಎನ್‌ಬಿ ಹೊರತಂದ ಲಾಟಿ ಆ ಗೆರೆಯನ್ನು ಇನ್ನೊಂದು ಕಡೆಗೆ ತಳ್ಳಿತು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡಿದ ಚಲನೆಯನ್ನು ಆ್ಯಪಿನೊಳಗೆ ಓಡಿಸಬಹುದಾಯಿತು, ಆದರೆ ಬಂದ ಕಡತದಲ್ಲಿ ಇದ್ದದ್ದು ಬರೀ ಟೈಮ್‌ಲೈನ್. 0ರಿಂದ 30ನೇ ಫ್ರೇಮಿನವರೆಗೆ ಆನ್ ಆಗುವುದು, ಹಿಂದಕ್ಕೆ ಓಡಿಸಿದರೆ ಆಫ್ ಆಗುವುದು ಎಂಬಂಥ ಲೆಕ್ಕವನ್ನೆಲ್ಲ ಪ್ರೋಗ್ರಾಮರ್ ತನ್ನ ಕೋಡಿನಲ್ಲಿ ಬರೆದುಕೊಳ್ಳಬೇಕಿತ್ತು. ಚಿತ್ರಕಾರರು ಫ್ರೇಮುಗಳನ್ನು ಸ್ವಲ್ಪ ಹಿಗ್ಗಿಸಿದರೆ ಕೋಡಿನ ಅಂಕಿಗಳು ಕೆಡುತ್ತಿದ್ದವು.

ಗೀಡೋ ಮತ್ತು ಲುಯಿಜಿ ರೊಸ್ಸೊ ಸೋದರರ ಉಪಕರಣ ಮೊದಲು ಫ್ಲೇರ್ ಎಂಬ ಹೆಸರಿನಲ್ಲಿ ಬಂದು ಆಮೇಲೆ ರೈವ್ ಆಯಿತು. ಅದರ ಮುಂದಿನ ಆವೃತ್ತಿ ಸ್ಟೇಟ್ ಮಷೀನನ್ನೇ ಎಡಿಟರಿನೊಳಕ್ಕೆ ತಂದಿತು. ಕಲ್ಪನೆ ಹೊಸದಲ್ಲ. 1955ರಲ್ಲಿ ಮೀಲಿ, 1956ರಲ್ಲಿ ಮೂರ್ ಬರೆದ ಲೇಖನಗಳಿಂದ ಇವತ್ತಿನವರೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅವರ ಹೆಸರಿನ ಯಂತ್ರಗಳನ್ನು ಪರೀಕ್ಷೆಗೆ ಓದುತ್ತಿದ್ದಾರೆ. 1987ರಲ್ಲಿ ಡೇವಿಡ್ ಹಾರೆಲ್ ಒಂದು ಡಿಜಿಟಲ್ ಕೈಗಡಿಯಾರವನ್ನು ಉದಾಹರಣೆಯಾಗಿಟ್ಟುಕೊಂಡು ಸ್ಟೇಟ್‌ಚಾರ್ಟ್ ಎಂಬ ಚಿತ್ರಲಿಪಿಯನ್ನು ವಿವರಿಸಿದರು. ಅವರ ಮುಖ್ಯ ದೂರು ಇದು: ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳನ್ನು ಒಂದೇ ನಕ್ಷೆಯಲ್ಲಿ ಬರೆಯಹೊರಟರೆ ಸ್ಥಿತಿಗಳ ಸಂಖ್ಯೆ ಸ್ಫೋಟಿಸುತ್ತದೆ. ಆ ದೂರು ನಮ್ಮ ಪುಟ್ಟ ಟಾಗಲ್ಲಿಗೂ ಹೇಗೆ ತಗಲುತ್ತದೆ ಎಂಬುದು ಮುಂದೆ ಬರುತ್ತದೆ.

## ಭಂಗಿಯವರು, ಚಲನೆಯವರು

ಮೊದಲ ಭಿನ್ನಾಭಿಪ್ರಾಯ ಅನಿಮೇಷನ್ ಎಲ್ಲಿರಬೇಕು ಎನ್ನುವುದರ ಬಗ್ಗೆ.

ಒಂದು ಬಣ ಎರಡು ನಿಂತ ಭಂಗಿಗಳನ್ನಷ್ಟೇ ಮಾಡುತ್ತದೆ. ಅಳತೆ ಹಿಡಿದೇ ನೋಡೋಣ. ಟ್ರ್ಯಾಕಿನ ಅಗಲ 104, ಎತ್ತರ 56. ನಾಬ್‌ನ ವ್ಯಾಸ 48, ಹಾಗಾಗಿ ಸುತ್ತಲೂ 4ರಷ್ಟು ಅಂಚು ಉಳಿಯುತ್ತದೆ. ಟ್ರ್ಯಾಕಿನ ನಡುಬಿಂದುವನ್ನು ಸೊನ್ನೆ ಎಂದುಕೊಂಡರೆ ಆಫ್‌ನಲ್ಲಿ ನಾಬ್‌ನ ಕೇಂದ್ರ -24ರಲ್ಲಿ, ಆನ್‌ನಲ್ಲಿ +24ರಲ್ಲಿ. `Off` ಎಂಬ ಟೈಮ್‌ಲೈನಿನಲ್ಲಿ ಒಂದೇ ಕೀ: ನಾಬ್ -24, ಟ್ರ್ಯಾಕ್ ಬೂದು. `On` ಟೈಮ್‌ಲೈನಿನಲ್ಲೂ ಒಂದೇ ಕೀ: ನಾಬ್ +24, ಟ್ರ್ಯಾಕ್ ಹಸಿರು. ಚಲನೆಯೆಲ್ಲ ಬಾಣದ ಮೇಲೆ. `isOn` ನಿಜವಾದರೆ `Off`ನಿಂದ `On`ಗೆ ಹೋಗು, ಹೋಗಲು 200 ಮಿಲಿಸೆಕೆಂಡ್ ತಗೋ ಎಂದು ಟ್ರಾನ್ಸಿಷನ್ನಿಗೆ ಹೇಳಿದರೆ ರೈವ್ ಎರಡು ಭಂಗಿಗಳನ್ನು ಆ ಅವಧಿಯಲ್ಲಿ ಬೆರೆಸುತ್ತದೆ. ಹಿಂದಿರುಗುವ ಬಾಣಕ್ಕೆ `isOn` ಸುಳ್ಳು ಎಂಬ ಷರತ್ತು.

ಇನ್ನೊಂದು ಬಣಕ್ಕೆ ಇದು ಸಪ್ಪೆ. ನಾಬ್ ಓಡುವಾಗ ಸ್ವಲ್ಪ ಹಿಗ್ಗಬೇಕು, ತುದಿಗೆ ತಾಗಿ ತುಸು ಹಿಂದಕ್ಕೆ ಚಿಮ್ಮಬೇಕು, ಸೂರ್ಯ ಮುಳುಗಿ ಚಂದ್ರ ಮೂಡಬೇಕು. ಎರಡು ಭಂಗಿಗಳನ್ನು ಬೆರೆಸಿದರೆ ಇವು ಬರುವುದಿಲ್ಲ. ಹಾಗಾಗಿ ಅವರು ಆನ್ ಆಗುವ ಚಲನೆಗೆ ಒಂದು ಟೈಮ್‌ಲೈನ್, ಆಫ್ ಆಗುವುದಕ್ಕೆ ಇನ್ನೊಂದು ಟೈಮ್‌ಲೈನ್ ಮಾಡಿ ಒನ್-ಶಾಟ್ ಆಗಿ ಓಡಿಸುತ್ತಾರೆ. ನೋಡಲು ಇದೇ ಚೆಂದ, ಅನುಮಾನವಿಲ್ಲ.

ವ್ಯತ್ಯಾಸ ಗೊತ್ತಾಗುವುದು ಅವಸರದ ಬೆರಳು ಬಂದಾಗ. ಬಳಕೆದಾರರು ಒಮ್ಮೆ ಒತ್ತಿ, ತಪ್ಪಾಯಿತೆಂದು 120 ಮಿಲಿಸೆಕೆಂಡಿಗೇ ಮತ್ತೆ ಒತ್ತಿದರು ಎನ್ನಿ. ಚಲನೆಯವರ ಟಾಗಲ್ಲಿನಲ್ಲಿ ನಾಬ್ ಇನ್ನೂ ಮಧ್ಯದಲ್ಲಿದೆ, ಆದರೆ ಆಫ್ ಆಗುವ ಟೈಮ್‌ಲೈನ್ ಶುರುವಾಗುವುದು +24ರಿಂದ. ನಾಬ್ ಬಲತುದಿಗೆ ಹಾರಿ ಅಲ್ಲಿಂದ ಎಡಕ್ಕೆ ಹೊರಡುತ್ತದೆ. ಕಣ್ಣಿಗೆ ಅದೊಂದು ಎಗರು. ಅದನ್ನು ತಪ್ಪಿಸಲು ಎಕ್ಸಿಟ್ ಟೈಮ್ 100% ಇಟ್ಟರೆ ಮೊದಲ ಚಲನೆ ಮುಗಿಯುವವರೆಗೆ ಎರಡನೆಯ ಒತ್ತಿಗೆ ಉತ್ತರವೇ ಬರುವುದಿಲ್ಲ, ಸ್ವಿಚ್ಚಿಗೆ ಕಿವಿ ಮಂದವಾದಂತೆ.

ಭಂಗಿಯವರೂ ಪೂರ್ತಿ ಪಾರಾಗಿಲ್ಲ. ರೈವ್‌ನಲ್ಲಿ ಒಂದು ಟ್ರಾನ್ಸಿಷನ್ ನಡೆಯುತ್ತಿರುವಾಗ ಆ ಲೇಯರ್ ಬೇರೆ ಸ್ಥಿತಿಗೆ ಹೊರಡುವುದಿಲ್ಲ. ಮಧ್ಯೆ ಬಿಟ್ಟು ಹೊರಡಬೇಕಾದರೆ ಆ ಬಾಣಕ್ಕೆ ಅರ್ಲಿ ಎಕ್ಸಿಟ್ ಆಯ್ಕೆಯನ್ನು ನಾವೇ ಗುರುತು ಮಾಡಿರಬೇಕು. ಬಹಳ ಜನ ಇದನ್ನು ಮರೆಯುತ್ತಾರೆ. 200 ಮಿಲಿಸೆಕೆಂಡಿನ ಟಾಗಲ್ಲಿನಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷಿಸುವಾಗ ಅವಧಿಯನ್ನು ಬೇಕೆಂದೇ 2000ಕ್ಕೆ ಏರಿಸಿ ಎರಡು ಸಲ ಬೇಗಬೇಗ ಒತ್ತಿ ನೋಡಿ. ನಾಬ್ ಪೂರ್ತಿ ಬಲಕ್ಕೆ ಹೋಗಿಯೇ ಹಿಂದಿರುಗಿದರೆ ಆಯ್ಕೆ ಬಿಟ್ಟುಹೋಗಿದೆ ಎಂದರ್ಥ.

ಎರಡೂ ಬಣದವರು ಸಮಾನವಾಗಿ ಎಡವುವ ಇನ್ನೊಂದು ಜಾಗವಿದೆ. `On`ನಲ್ಲಿ ಟ್ರ್ಯಾಕಿನ ಬಣ್ಣಕ್ಕೆ ಕೀ ಇಟ್ಟು `Off`ನಲ್ಲಿ ಇಡಲು ಮರೆತರೆ, ಡಿಸೈನಿನಲ್ಲೇ ಬೂದು ಇದೆಯಲ್ಲ ಎಂಬ ಧೈರ್ಯದಲ್ಲಿ, ಮೊದಲ ಸಲ ಎಲ್ಲ ಸರಿಯಾಗೇ ಕಾಣುತ್ತದೆ. ಒಂದು ಸುತ್ತು ಆನ್ ಆಗಿ ಆಫ್ ಆದ ಮೇಲೆ ನಾಬ್ ಎಡಕ್ಕೆ ಬಂದಿರುತ್ತದೆ, ಟ್ರ್ಯಾಕ್ ಹಸಿರಾಗೇ ಉಳಿದಿರುತ್ತದೆ. ಕೀ ಇಲ್ಲದ ಗುಣವನ್ನು ಸ್ಟೇಟ್ ಮಷೀನ್ ಮುಟ್ಟುವುದಿಲ್ಲ, ಕೊನೆಗೆ ಯಾರು ಏನು ಬರೆದರೋ ಅದೇ ನಿಲ್ಲುತ್ತದೆ. ಮೊದಲ ಒತ್ತಿಗಲ್ಲ, ಎರಡನೆಯ ಒತ್ತಿನ ನಂತರ ಟಾಗಲ್ ನೋಡಿ ಎಂದು ನಾನು ಹೊಸಬರಿಗೆ ಹೇಳುವುದು ಇದಕ್ಕೇ.

ನನ್ನ ಒಲವು ಭಂಗಿಯವರ ಕಡೆಗೆ. ಸೆಟ್ಟಿಂಗ್ಸ್ ಪುಟದಲ್ಲಿ ಹತ್ತು ಟಾಗಲ್ಲುಗಳು ಒಂದರ ಕೆಳಗೊಂದು ಇರುವಾಗ ಸೂರ್ಯ ಚಂದ್ರರಿಗಿಂತ ಬೆರಳಿನ ಮಾತು ಕೇಳುವ ನಾಬ್ ಮುಖ್ಯ.

## ಒಂದೇ ನಕ್ಷೆ, ಇಲ್ಲವೇ ಮೂರು ಲೇಯರು

ಈಗ ಹೋವರ್ ಮತ್ತು ಒತ್ತುವಿಕೆಯನ್ನು ಸೇರಿಸೋಣ. ಟಾಗಲ್ ನೆನಪಿಡಬೇಕಾದ ಸಂಗತಿಗಳು ಮೂರಾದವು: `isOn`, `isHover`, `isPressed`. ಮೂರೂ ಹೌದು-ಇಲ್ಲ ಎಂಬಂಥವು, ಆದ್ದರಿಂದ ಒಟ್ಟು ಸಾಧ್ಯತೆ 8. ಆನ್, ಮೌಸ್ ಮೇಲಿದೆ, ಒತ್ತಿಲ್ಲ; ಆಫ್, ಮೌಸ್ ಮೇಲಿದೆ, ಒತ್ತಿದೆ; ಹೀಗೆ. ಒಂದೊಂದು ಸ್ಥಿತಿಯಿಂದಲೂ ಮೂರು ಕಡೆಗೆ ಹೋಗಬಹುದು, ಅಂದರೆ 24 ಬಾಣ. ನಿಷ್ಕ್ರಿಯ ಎಂಬ ಇನ್ನೊಂದು ಸಂಗತಿ ಬಂದರೆ 16 ಸ್ಥಿತಿ, 64 ಬಾಣ. ಹಾರೆಲ್ ದೂರಿದ ಸ್ಫೋಟ ಇದೇ.

ಅವರ ಪರಿಹಾರ ಸಂಗತಿಗಳನ್ನು ಬೇರೆಬೇರೆ ಓಣಿಗಳಲ್ಲಿ ಒಟ್ಟಿಗೆ ನಡೆಸುವುದು. ರೈವ್‌ನಲ್ಲಿ ಆ ಓಣಿಗಳ ಹೆಸರು ಲೇಯರ್. ಒಂದು ಲೇಯರಿನಲ್ಲಿ ಒಂದು ಹೊತ್ತಿಗೆ ಒಂದೇ ಸ್ಥಿತಿ, ಆದರೆ ಎಲ್ಲ ಲೇಯರುಗಳೂ ಏಕಕಾಲಕ್ಕೆ ಓಡುತ್ತವೆ. ಮೂರು ಲೇಯರು, ಒಂದೊಂದರಲ್ಲಿ ಎರಡು ಸ್ಥಿತಿ, ಎರಡು ಬಾಣ. ಒಟ್ಟು 6 ಸ್ಥಿತಿ, 6 ಬಾಣ. ಮೊದಲನೆಯದು ನಾಬ್‌ನ ಜಾಗ ಮತ್ತು ಟ್ರ್ಯಾಕಿನ ಬಣ್ಣ ನೋಡಿಕೊಳ್ಳುತ್ತದೆ. ಎರಡನೆಯದು ನಾಬ್ ಹಿಂದಿನ ಪ್ರಭೆಯ ಅಪಾರದರ್ಶಕತೆಯನ್ನು 0ರಿಂದ 12%ಗೆ ತರುತ್ತದೆ, ಅದು ಹೋವರ್. ಮೂರನೆಯದು ಒತ್ತಿದಾಗ ನಾಬ್ ಹಿಗ್ಗಿಸುತ್ತದೆ. ಒಂದೇ ಗುಣಕ್ಕೆ ಎರಡು ಲೇಯರು ಕೈಹಾಕಬಾರದು ಎಂಬುದೊಂದೇ ಕಟ್ಟಳೆ. ಹಾಕಿದರೆ ನಂತರ ಬರುವ ಲೇಯರ್ ಗೆಲ್ಲುತ್ತದೆ, ಮೊದಲಿನದು ಓಡುತ್ತಿದ್ದರೂ ಕಾಣುವುದಿಲ್ಲ.

ಇಷ್ಟಕ್ಕೇ ವಾದ ಮುಗಿಯಬೇಕಿತ್ತು. ಮುಗಿಯದಿರಲು ಕಾರಣ ಆ ಮೂರನೆಯ ಲೇಯರ್. ಐಫೋನಿನ ಹಳೆಯ ಟಾಗಲ್ಲಿನ ಮೇಲೆ ಬೆರಳಿಟ್ಟು ಹಿಡಿದು ನೋಡಿದವರಿಗೆ ಗೊತ್ತು, ನಾಬ್ ಟ್ರ್ಯಾಕಿನ ನಡುವಿನ ಕಡೆಗೆ ಸ್ವಲ್ಪ ಉದ್ದವಾಗುತ್ತಿತ್ತು, ಹೊರಡಲು ತಯಾರಾದಂತೆ. ಅದನ್ನೇ ನಾವೂ ಮಾಡೋಣವೆಂದು ನಾಬ್ ಅಗಲವನ್ನು 48ರಿಂದ 58ಕ್ಕೆ ಏರಿಸಿದೆವು ಎನ್ನಿ. ವೃತ್ತದ ಮೂಲಬಿಂದು ಕೇಂದ್ರದಲ್ಲಿ ಇರುವುದರಿಂದ ಹೆಚ್ಚಿದ 10 ಎರಡೂ ಬದಿಗೆ 5-5 ಹಂಚಿಹೋಗುತ್ತದೆ. ಅಂಚು ಇರುವುದು 4. ನಾಬ್ ಟ್ರ್ಯಾಕಿನಿಂದ 1ರಷ್ಟು ಹೊರಕ್ಕೆ ಇಣುಕುತ್ತದೆ. ಚಿಕ್ಕದಾಗಿ ನೋಡುವಾಗ ಏನೋ ಒಂದು ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೊಳೆಯುವುದಿಲ್ಲ. ದೊಡ್ಡದು ಮಾಡಿದರೆ ಬಿಳಿ ಉಬ್ಬೊಂದು ಅಂಚಿನಾಚೆ ಕಾಣುತ್ತದೆ.

ಸರಿಪಡಿಸಲು ನಾಬ್ ಹಿಗ್ಗುವಾಗಲೇ 5ರಷ್ಟು ಒಳಕ್ಕೆ ಸರಿಸಬೇಕು. ಒಳಕ್ಕೆ ಎಂದರೆ ಯಾವ ಕಡೆ? ಆಫ್ ಇದ್ದರೆ ಬಲಕ್ಕೆ, ಆನ್ ಇದ್ದರೆ ಎಡಕ್ಕೆ. ಒತ್ತುವಿಕೆಯ ಲೇಯರ್ ಈಗ `isOn` ಏನೆಂದು ಕೇಳಲೇಬೇಕು. ಪರಸ್ಪರ ಸಂಬಂಧವಿಲ್ಲದ ಓಣಿಗಳು ಎಂದುಕೊಂಡದ್ದು ಸುಳ್ಳಾಯಿತು.

ನಾನು ಮಾಡುವುದು ಹೀಗೆ. ನಾಬನ್ನು ಒಂದು ಗ್ರೂಪಿನೊಳಗೆ ಇಡುತ್ತೇನೆ. ಮೊದಲ ಲೇಯರ್ ಗ್ರೂಪನ್ನು -24ರಿಂದ +24ಕ್ಕೆ ಒಯ್ಯುತ್ತದೆ. ಮೂರನೆಯ ಲೇಯರ್ ಗ್ರೂಪಿನೊಳಗಿನ ನಾಬ್‌ನ ಅಗಲ ಮತ್ತು ಸ್ಥಾನವನ್ನಷ್ಟೇ ಮುಟ್ಟುತ್ತದೆ, ಹಾಗಾಗಿ ಗುಣಗಳ ಜಗಳವಿಲ್ಲ. ಆ ಲೇಯರಿನಲ್ಲಿ ಎರಡರ ಬದಲು ಮೂರು ಸ್ಥಿತಿ: ಒತ್ತಿಲ್ಲ, ಆಫ್ ಇರುವಾಗ ಒತ್ತಿದೆ, ಆನ್ ಇರುವಾಗ ಒತ್ತಿದೆ. ಒತ್ತಿದ ಎರಡು ಸ್ಥಿತಿಗಳಿಗೆ ಹೋಗುವ ಬಾಣಗಳಲ್ಲಿ ಎರಡೆರಡು ಷರತ್ತು, ಎರಡೂ ಕೂಡಿದರೆ ಮಾತ್ರ ಬಾಣ ಹೊರಡುತ್ತದೆ. ಒಟ್ಟು 7 ಸ್ಥಿತಿ, 8 ಬಾಣ. ಶುದ್ಧ ಲೇಯರಿನವರಿಗಿಂತ ಒಂದು ಸ್ಥಿತಿ, ಎರಡು ಬಾಣ ಹೆಚ್ಚು, ಒಂದೇ ನಕ್ಷೆಯವರ 24 ಬಾಣಕ್ಕಿಂತ ಬಹಳ ಕಡಿಮೆ.

## ಬೆರಳು ಇಳಿದಾಗಲೋ, ಎದ್ದಾಗಲೋ

ಸ್ಪರ್ಶ ಮತ್ತು ಮೌಸನ್ನು ಹಿಡಿಯುವುದು ಲಿಸನರುಗಳ ಕೆಲಸ. ಒಂದು ಆಕಾರವನ್ನು ಗುರಿಯಾಗಿಟ್ಟು, ಅದರ ಮೇಲೆ ಇಂಥದ್ದು ನಡೆದರೆ ಈ ಇನ್‌ಪುಟ್ ಬದಲಿಸು ಎಂದು ಹೇಳಬಹುದು. ಗುರಿಯಾಗಿ ಟ್ರ್ಯಾಕನ್ನೇ ಇಡದೆ, ಅದಕ್ಕಿಂತ ದೊಡ್ಡದಾದ, ಬಣ್ಣವನ್ನು ಪೂರ್ತಿ ಪಾರದರ್ಶಕ ಮಾಡಿದ 128×80 ಆಯತವೊಂದನ್ನು ಇಡುವುದು ರೂಢಿ. ಫ್ಲ್ಯಾಶ್‌ನ ನಾಲ್ಕನೆಯ ಫ್ರೇಮು ಮತ್ತೆ ಹುಟ್ಟಿದಂತೆ.

ಹೋವರಿಗೆ ತಕರಾರಿಲ್ಲ: `Pointer Enter` ಆದರೆ `isHover` ನಿಜ, `Pointer Exit` ಆದರೆ ಸುಳ್ಳು. ಟ್ಯಾಪ್ ವಿಷಯದಲ್ಲಿ ಅಭಿಪ್ರಾಯ ಒಡೆಯುತ್ತದೆ. `Pointer Down` ಮೇಲೆಯೇ `isOn` ಅನ್ನು ಟಾಗಲ್ ಮಾಡಿದರೆ ಪ್ರತಿಕ್ರಿಯೆ ಕೂಡಲೇ ಸಿಗುತ್ತದೆ, ಆಟಗಳಿಂದ ಬಂದವರು ಇದನ್ನೇ ಬಯಸುತ್ತಾರೆ. ಆದರೆ ಪುಟವನ್ನು ಮೇಲಕ್ಕೆ ತಳ್ಳಲು ಇಟ್ಟ ಬೆರಳು ಟಾಗಲ್ ಮೇಲೆ ಬಿದ್ದರೂ ಸ್ವಿಚ್ ಬದಲಾಗಿಬಿಡುತ್ತದೆ. ವೆಬ್ಬಿನಲ್ಲಿ ರೈವ್ ಕ್ಯಾನ್ವಾಸಿನ ಮೇಲೂ ಪುಟ ಸರಿಯಲಿ ಎಂದು `isTouchScrollEnabled` ಕೊಟ್ಟವರಿಗೆ ಈ ಕಾಟ ಖಚಿತ. 2018ರ ವೆಬ್ ಸುಗಮ್ಯತಾ ಮಾರ್ಗಸೂಚಿಯೂ ಇಳಿಬೆರಳಿಗೇ ಕೆಲಸ ಮುಗಿಸಬೇಡಿ, ಮನಸ್ಸು ಬದಲಿಸಲು ಅವಕಾಶ ಇರಲಿ ಎನ್ನುತ್ತದೆ.

ಹಾಗೆಂದು `Pointer Up` ಒಂದನ್ನೇ ನೆಚ್ಚಿದರೆ ಬೇರೆಲ್ಲೋ ಒತ್ತಿ, ಎಳೆದು ತಂದು, ಟಾಗಲ್ ಮೇಲೆ ಬೆರಳೆತ್ತಿದರೂ ಸ್ವಿಚ್ ಬದಲಾಗುತ್ತದೆ. ಇಳಿದದ್ದೂ ಎದ್ದದ್ದೂ ಒಂದೇ ಗುರಿಯ ಮೇಲೆ ಆಗಿರಬೇಕು ಎನ್ನುವ `Click` ಬಂದ ಮೇಲೆ `isOn` ಮಟ್ಟಿಗೆ ಈ ವಾದ ಬಹುಪಾಲು ತಣ್ಣಗಾಗಿದೆ. ಇಳಿದಾಗ `isPressed` ನಿಜವಾಗಿ ನಾಬ್ ಹಿಗ್ಗಲಿ, ಎದ್ದಾಗ ಸುಳ್ಳಾಗಿ ಕುಗ್ಗಲಿ, ಕ್ಲಿಕ್ ಪೂರ್ಣವಾದಾಗ ಸ್ವಿಚ್ ಬದಲಾಗಲಿ. ಬೆರಳಿಗೆ ಕೂಡಲೇ ಉತ್ತರವೂ ಸಿಕ್ಕಿತು, ಮನಸ್ಸು ಬದಲಿಸಲು ಜಾಗವೂ ಉಳಿಯಿತು.

ಒಂದು ಎಡವಟ್ಟು ಮಾತ್ರ ಇಲ್ಲಿ ಬಚ್ಚಿಟ್ಟುಕೊಂಡಿದೆ. ಟಾಗಲ್ ಮೇಲೆ ಒತ್ತಿ, ಬೆರಳನ್ನು ಹೊರಕ್ಕೆ ಜಾರಿಸಿ, ಅಲ್ಲಿ ಎತ್ತಿ ನೋಡಿ. `Pointer Up` ಗುರಿಯ ಹೊರಗೆ ಆದದ್ದರಿಂದ ಲಿಸನರಿಗೆ ಸುದ್ದಿ ಹೋಗುವುದಿಲ್ಲ. ನಾಬ್ ಹಿಗ್ಗಿದ್ದು ಹಿಗ್ಗಿದಂತೆಯೇ ನಿಂತುಬಿಡುತ್ತದೆ. `Pointer Exit` ಆದಾಗ `isHover` ಜತೆಗೆ `isPressed` ಅನ್ನೂ ಸುಳ್ಳು ಮಾಡಿದರೆ ರೋಗ ವಾಸಿ.

ಹೋವರಿಗೆ ತಕರಾರಿಲ್ಲ ಎಂದೆ, ಅದು ಮೌಸ್ ಇರುವ ಕಡೆ. ಬೆರಳಿಗೆ ಮೇಲೆ ಸುಳಿದಾಡುವ ಸ್ಥಿತಿಯೇ ಇಲ್ಲ. ಒತ್ತಿದಾಗ ಎಂಟರ್ ಕೂಡ ಆಗಿ, ಬೆರಳೆತ್ತಿದ ಮೇಲೆ ಎಕ್ಸಿಟ್ ಆಗದೆ, ಹೋವರ್ ಅಂಟಿಕೊಳ್ಳುವ ತೊಂದರೆ ವೆಬ್ ಪುಟಗಳಲ್ಲಿ ಸ್ಪರ್ಶಪರದೆ ಬಂದ ದಿನದಿಂದಲೂ ಇದೆ. ಕೆಲವರು `canHover` ಎಂಬ ನಾಲ್ಕನೆಯ ಬೂಲಿಯನ್ ಇಟ್ಟು, ಬ್ರೌಸರನ್ನು ಕೇಳಿ ತುಂಬುತ್ತಾರೆ:

```js
canHover.value =
  matchMedia("(hover: hover)").matches;
```

ಹೋವರ್ ಬಾಣಕ್ಕೆ `isHover` ಮತ್ತು `canHover` ಎರಡೂ ನಿಜವಿರಬೇಕೆಂಬ ಷರತ್ತು. ಫೋನಿಗೂ ಮೌಸಿನ ಕಂಪ್ಯೂಟರಿಗೂ ಇದು ಸಾಕು. ಸ್ಪರ್ಶಪರದೆಯ ಲ್ಯಾಪ್‌ಟಾಪಿನಲ್ಲಿ ಸಾಲದು, ಏಕೆಂದರೆ ಬ್ರೌಸರ್ ಮುಖ್ಯ ಸಾಧನವನ್ನು ನೋಡಿ ಹೌದು ಎನ್ನುತ್ತದೆ, ಆ ಹೊತ್ತಿಗೆ ಮುಟ್ಟಿದ್ದು ಬೆರಳಾಗಿರಬಹುದು.

## ಆನ್ ಎಂಬ ಮಾತು ಯಾರ ವಶ

ಇಲ್ಲಿಯವರೆಗೆ ಹೇಳಿದ್ದೆಲ್ಲ ಚಿತ್ರದೊಳಗಿನ ಮಾತು. ಕೆಲವು ವರ್ಷಗಳ ಹಿಂದೆ ಪಂಪ್‌ಸೆಟ್ಟನ್ನು ಫೋನಿನಿಂದ ಚಾಲೂ ಮಾಡುವ ಆ್ಯಪ್ ಒಂದಕ್ಕೆ ನಾನೊಂದು ಟಾಗಲ್ ಮಾಡಿಕೊಟ್ಟೆ. ಲಿಸನರ್ ನೇರವಾಗಿ `isOn` ಬದಲಿಸುತ್ತಿತ್ತು. ಕಡತ ತನ್ನಷ್ಟಕ್ಕೆ ಪೂರ್ಣ, ಪ್ರೋಗ್ರಾಮರಿಗೆ ಕೆಲಸವೇ ಇಲ್ಲ ಎಂದು ಹೆಮ್ಮೆಪಟ್ಟಿದ್ದೆ. ತೋಟದಿಂದ ಬಂದ ಮೊದಲ ದೂರು: ಫೋನಿನಲ್ಲಿ ಹಸಿರು ಕಾಣುತ್ತೆ, ಹೋಗಿ ನೋಡಿದರೆ ಮೋಟ್ರು ಓಡ್ತಿಲ್ಲ. ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತಿನಲ್ಲಿ ಒತ್ತಿದ್ದರು. ಸ್ಟಾರ್ಟರ್ ಚಾಲೂ ಆಗಲಿಲ್ಲ, ನನ್ನ ನಾಬ್ ಮಾತ್ರ ಚೆಂದವಾಗಿ ಬಲಕ್ಕೆ ಸರಿದಿತ್ತು.

ಈ ಕಡತವೇ ಯಜಮಾನ ಎನ್ನುವ ಬಣಕ್ಕೆ ಅದರದೇ ಸಮರ್ಥನೆಯಿದೆ. ಡೆಮೋ ತೋರಿಸುವಾಗ, ಒಂದೇ ಕಡತವನ್ನು ವೆಬ್, ಆಂಡ್ರಾಯ್ಡ್, ಫ್ಲಟರ್ ಎಲ್ಲಕ್ಕೂ ಹಾಕುವಾಗ ಇದಕ್ಕಿಂತ ಸಲೀಸು ಬೇರಿಲ್ಲ.

ಎದುರು ಬಣದ ಪ್ರಕಾರ ಲಿಸನರ್ `isOn` ಅನ್ನು ಮುಟ್ಟಲೇಬಾರದು. ಒತ್ತಿದರು ಎಂಬ ಸುದ್ದಿಯನ್ನಷ್ಟೇ ಈವೆಂಟಾಗಿ ಹೊರಗೆ ಕಳಿಸಬೇಕು. ಆ್ಯಪ್ ಅದನ್ನು ಕೇಳಿ, ತನ್ನ ಕೆಲಸ ಮುಗಿಸಿ, ಫಲಿತಾಂಶವನ್ನು `isOn`ಗೆ ಬರೆಯಬೇಕು:

```js
const inputs = r.stateMachineInputs("SwitchSM");
const isOn = inputs.find(i => i.name === "isOn");

r.on(rive.EventType.RiveEvent, async (e) => {
  if (e.data.name !== "tapped") return;
  isOn.value = await setMotor(!isOn.value);
});
```

`setMotor` ಹಿಂದಿರುಗಿಸುವುದು ನಾವು ಕೇಳಿದ್ದನ್ನಲ್ಲ, ಮೋಟಾರು ನಿಜಕ್ಕೂ ಯಾವ ಸ್ಥಿತಿಯಲ್ಲಿದೆ ಎಂಬುದನ್ನು. ಇದೇ ಮೆಟ್ಟಿಲಿನ ದೀಪವನ್ನು ನೋಡುವುದು. ಅದೇ ಮೋಟಾರನ್ನು ಮನೆಯವರು ಇನ್ನೊಂದು ಫೋನಿನಿಂದ ನಿಲ್ಲಿಸಿದರೂ ಆ್ಯಪ್ `isOn`ಗೆ ಸುಳ್ಳು ಎಂದು ಬರೆದರಾಯಿತು, ನಾಬ್ ಎಡಕ್ಕೆ ಬರುತ್ತದೆ.

ಇದಕ್ಕೂ ಒಂದು ಬೆಲೆಯಿದೆ. ಆ್ಯಪ್ ತೆರೆದಾಗ ಮೋಟಾರು ಆಗಲೇ ಓಡುತ್ತಿದ್ದರೆ ನಾಬ್ ಎಡದಲ್ಲಿ ಕಾಣಿಸಿಕೊಂಡು ಕಣ್ಣೆದುರೇ ಬಲಕ್ಕೆ ಓಡುತ್ತದೆ, ಯಾರೋ ಈಗ ಒತ್ತಿದರೇನೋ ಎಂಬಂತೆ. ಅದಕ್ಕಾಗಿ `Entry`ಯಿಂದ ಎರಡು ಬಾಣ ಎಳೆದು, `isOn` ನಿಜವಿದ್ದರೆ ನೇರ `On`ಗೆ, ಇಲ್ಲವಾದರೆ `Off`ಗೆ ಹೋಗುವಂತೆ ಮಾಡುತ್ತಾರೆ. ಆದರೆ `isOn`ನ ಮೌಲ್ಯ ತಲುಪುವ ಮೊದಲೇ ಸ್ಟೇಟ್ ಮಷೀನ್ ಹೆಜ್ಜೆಯಿಟ್ಟಿದ್ದರೆ ಆ ಕವಲು ಉಪಯೋಗಕ್ಕೆ ಬರುವುದಿಲ್ಲ. ಸರ್ವರಿನಿಂದ ಉತ್ತರ ಬರುವವರೆಗೆ ಕ್ಯಾನ್ವಾಸನ್ನು ಮರೆಮಾಡಿಡುವುದು ಒರಟು ಉಪಾಯ, ಕೆಲಸವಂತೂ ಮಾಡುತ್ತದೆ.

ಮೂರನೆಯ ದಾರಿ ಈಚಿನದು. ರೈವ್‌ನ ಡೇಟಾ ಬೈಂಡಿಂಗ್‌ನಲ್ಲಿ ವ್ಯೂ ಮಾಡೆಲ್ ಎಂಬ ಹಲಗೆಯ ಮೇಲೆ `isOn` ಇರುತ್ತದೆ. ಲಿಸನರೂ ಅದಕ್ಕೆ ಬರೆಯಬಹುದು, ಆ್ಯಪೂ ಬರೆಯಬಹುದು, ಬಾಣಗಳ ಷರತ್ತು ಅದನ್ನೇ ಓದುತ್ತದೆ. ಹೊಸ ಕೆಲಸಕ್ಕೆ ಸ್ಟೇಟ್ ಮಷೀನ್ ಇನ್‌ಪುಟ್ಟುಗಳ ಬದಲು ಇದನ್ನೇ ಬಳಸಿ ಎಂದು ರೈವ್‌ನ ಕೈಪಿಡಿಯೂ ಈಗ ಹೇಳುತ್ತದೆ. ಹೆಸರು ಹುಡುಕಿ ಇನ್‌ಪುಟ್ ಹಿಡಿಯುವ ಗೋಳು ತಪ್ಪುತ್ತದೆ, ಒಂದೇ ಹಲಗೆಗೆ ಹತ್ತು ಕಡೆಯಿಂದ ಕಟ್ಟಬಹುದು. ಆದರೆ ಎರಡು ಕೈ ಬರೆಯುವ ಹಲಗೆ ಎಂದರೆ ಟೂ-ವೇ ಸ್ವಿಚ್ಚೇ. ಕೊನೆಗೆ ಬರೆದವರು ಯಾರು, ಬೆರಳೋ ಸರ್ವರೋ, ಎಂಬ ಪ್ರಶ್ನೆಯನ್ನು ಹಲಗೆ ತಾನಾಗಿ ಬಿಡಿಸುವುದಿಲ್ಲ.

ನನಗೆ ಕಂಡಿದ್ದು ಇಷ್ಟು. ಹೋವರ್ ಮತ್ತು ಒತ್ತುವಿಕೆ ಚಿತ್ರದ ಸ್ವಂತ ಸಂಗತಿಗಳು, ಲಿಸನರ್ ಅವನ್ನು ಬರೆಯಲಿ, ಆ್ಯಪಿಗೆ ಅವು ಬೇಡ. `isOn` ಮಾತ್ರ ಚಿತ್ರದ್ದಲ್ಲ. ಮೂರೂ ಒಂದೇ ಪಟ್ಟಿಯಲ್ಲಿ ಒಂದೇ ಬಗೆಯ ಬೂಲಿಯನ್ನುಗಳಾಗಿ ಕೂತಿರುವುದರಿಂದ ಮೂರನ್ನೂ ಒಂದೇ ರೀತಿ ನಡೆಸಿಕೊಳ್ಳುವ ಮನಸ್ಸಾಗುತ್ತದೆ.

## ಇನ್ನೂ ಇತ್ಯರ್ಥವಾಗದ್ದು

ಈ ಹಂಚಿಕೆಯನ್ನೇ ಅಲುಗಾಡಿಸುವ ಪ್ರಶ್ನೆ ಸುಗಮ್ಯತೆಯದು. ಸ್ಕ್ರೀನ್ ರೀಡರಿಗೆ ಕ್ಯಾನ್ವಾಸ್ ಒಂದು ಚಿತ್ರ ಮಾತ್ರ, ಅದರೊಳಗಿನ ಟಾಗಲ್ ಕಾಣದು, ಕೀಬೋರ್ಡಿನ ಸ್ಪೇಸ್ ಕೀಯೂ ಅದಕ್ಕೆ ತಲುಪದು. ವೆಬ್ಬಿನಲ್ಲಿ ಮಾಡುವ ಉಪಾಯವೆಂದರೆ `role="switch"` ಇರುವ ನಿಜವಾದ ಚೆಕ್‌ಬಾಕ್ಸೊಂದನ್ನು ಪಾರದರ್ಶಕವಾಗಿ ಕ್ಯಾನ್ವಾಸಿನ ಮೇಲೆ ಹೊದಿಸುವುದು. ಆಗ ಬೆರಳೂ ಮೌಸೂ ಮೊದಲು ಚೆಕ್‌ಬಾಕ್ಸಿಗೆ ತಾಗುತ್ತವೆ, ರೈವ್‌ನ ಲಿಸನರುಗಳಿಗೆ ಏನೂ ಸಿಗುವುದಿಲ್ಲ. ಹೋವರ್, ಒತ್ತುವಿಕೆ ಎರಡನ್ನೂ ಕೋಡೇ ಇನ್‌ಪುಟ್ಟಿಗೆ ದಾಟಿಸಬೇಕಾಗುತ್ತದೆ. ಚಿತ್ರದ ಸ್ವಂತ ಸಂಗತಿ ಎಂದು ನಾನು ಹೇಳಿದ್ದು ಹೀಗೆ ಮತ್ತೆ ಆ್ಯಪಿನ ಕೈಗೆ ಹೋಗುತ್ತದೆ. ಚೆಕ್‌ಬಾಕ್ಸನ್ನು ಕ್ಯಾನ್ವಾಸಿನ ಕೆಳಗಿಟ್ಟು ಎರಡನ್ನೂ ಉಳಿಸಿಕೊಳ್ಳುವವರಿದ್ದಾರೆ, ಅವರು ಎರಡು ಕಡೆಯ `isOn` ಹೊಂದಿಸುತ್ತ ಕೂರಬೇಕು. ಯಾವುದು ಮೇಲು ಎಂದು ನಾನೇ ಒಂದೊಂದು ಕೆಲಸಕ್ಕೆ ಒಂದೊಂದು ರೀತಿ ತೀರ್ಮಾನಿಸಿದ್ದೇನೆ.

ನಾಬನ್ನು ಎಳೆಯುವುದು ಇನ್ನೊಂದು. ಕ್ಲಿಕ್ ನೆಚ್ಚಿದ ಟಾಗಲ್ ಬೆರಳನ್ನು ಹಿಂಬಾಲಿಸುವುದಿಲ್ಲ. ಹಿಂಬಾಲಿಸಬೇಕಾದರೆ ಬೂಲಿಯನ್ ಸಾಲದು, 0ರಿಂದ 100ರವರೆಗಿನ ಸಂಖ್ಯೆಯ ಇನ್‌ಪುಟ್ಟು ಮತ್ತು ಎರಡು ಭಂಗಿಗಳನ್ನು ಆ ಸಂಖ್ಯೆಗೆ ತಕ್ಕಂತೆ ಬೆರೆಸುವ ಬ್ಲೆಂಡ್ ಸ್ಥಿತಿ ಬೇಕು. 50 ದಾಟಿದರೆ ಆನ್ ಎನ್ನಬೇಕೋ, ಬೆರಳಿನ ವೇಗವನ್ನೂ ನೋಡಬೇಕೋ ಎಂಬಲ್ಲಿ ಒಮ್ಮತವಿಲ್ಲ.

ಪಂಪ್‌ಸೆಟ್ಟಿನ ಟಾಗಲ್ಲಿಗೆ ಆಮೇಲೆ `isPending` ಎಂಬುದನ್ನು ಸೇರಿಸಿದೆ. ಆದೇಶ ಹೋಗಿ ಉತ್ತರ ಬರುವವರೆಗಿನ ಕೆಲವು ಸೆಕೆಂಡು ನಾಬ್ ಸೊನ್ನೆಯಲ್ಲಿ, ಟ್ರ್ಯಾಕಿನ ನಟ್ಟನಡುವೆ, ಮೆಲ್ಲಗೆ ಮಿನುಗುತ್ತ ನಿಲ್ಲುತ್ತಿತ್ತು. ಸುಳ್ಳು ಹೇಳದ ಭಂಗಿ ಎಂದುಕೊಂಡಿದ್ದೆ. ತೋಟದಲ್ಲಿ ಅದನ್ನು ಕಂಡವರು ಸ್ವಿಚ್ಚು ಮಧ್ಯೆ ಸಿಕ್ಕಿಹಾಕಿಕೊಂಡಿದೆ ಎಂದು ಬೆರಳಿನಿಂದ ಮತ್ತೆ ಮತ್ತೆ ಬಲಕ್ಕೆ ತಳ್ಳಿದರು. ಈಗ ನಾಬ್ ಒತ್ತಿದ ಕೂಡಲೇ ಬಲಕ್ಕೆ ಹೋಗುತ್ತದೆ, ಟ್ರ್ಯಾಕ್ ಮಾತ್ರ ಉತ್ತರ ಬರುವವರೆಗೆ ಬೂದಾಗಿಯೇ ಇರುತ್ತದೆ. ನಮ್ಮ ತಂಡದಲ್ಲಿ ಇಬ್ಬರಿಗೆ ಇದು ಸರಿ, ಇಬ್ಬರಿಗೆ ಸರಿಯಲ್ಲ.